ಹಕ್ಕಿ ತೊಳೆದ ನೀರು

ಕನ್ನಡದಲ್ಲಿ ಒಂದು ಅಕ್ಷರಕ್ಕೂ ಇನ್ನೊಂದು ಅಕ್ಷರಕ್ಕೂ ಇರುವ ವ್ಯತ್ಯಾಸ ಅನೇಕ ಸಲ ಒಂದು ಸಣ್ಣ ಗೆರೆಯಷ್ಟೇ. ‘ದ’ದ ಬುಡದಲ್ಲಿ ಚಿಕ್ಕ ಗೆರೆ ಎಳೆದರೆ ‘ಧ’ ಆಗುತ್ತದೆ. ‘ಬ’ದ ಬುಡದಲ್ಲಿ ಎಳೆದರೆ ‘ಭ’. ಒತ್ತಕ್ಷರ ಕೂರುವುದೂ ಕೆಳಗೇ. ದೀರ್ಘದ ಗುರುತು ಮಾತ್ರ ಅಕ್ಷರದಿಂದ ಸ್ವಲ್ಪ ಬಿಟ್ಟು ಬಲಗಡೆ ನಿಲ್ಲುತ್ತದೆ. ಕಾಗದದ ಮೇಲೆ ಇವೆಲ್ಲ ಚೆನ್ನಾಗಿಯೇ ಕಾಣುತ್ತವೆ. ಅದೇ ಕಾಗದದ ಫೋಟೊ ತೆಗೆದು ಮೊಬೈಲಿನಲ್ಲಿ ನೋಡಿದರೆ ಮೊದಲು ಕಾಣದಂತಾಗುವುದೂ ಇವೇ. ಫೋಟೊ ನೋಡಿ ಮಕ್ಕಳ ಪ್ರಬಂಧಕ್ಕೆ ಅಂಕ ಹಾಕುವವರು ಇದನ್ನು ತಿಳಿದಿರಬೇಕು. ಇಲ್ಲದಿದ್ದರೆ ಮಗು ಮಾಡದ ತಪ್ಪಿಗೂ ಅಂಕ ಹೋಗುತ್ತದೆ. ಹಾಗೆ ಹೋದ ಅಂಕಗಳ ಒಂದು ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನಿಗೆ ಲೆಕ್ಕದ ಭಾಷೆಯೇ ಸಲೀಸು.

ನನ್ನ ಮೊಮ್ಮಗಳು ಪುಟ್ಟಿ ಬೆಂಗಳೂರಿನಲ್ಲಿ ಏಳನೇ ತರಗತಿ. ನಾನು ಇರುವುದು ಶಿವಮೊಗ್ಗದಲ್ಲಿ. ಕಳೆದ ಚಳಿಗಾಲದ ಒಂದು ಭಾನುವಾರ ಮಗಳು ಫೋನು ಮಾಡಿ, “ಅಪ್ಪ, ಇವಳಿಗೆ ಕನ್ನಡ ಪ್ರಬಂಧದಲ್ಲಿ ಹತ್ತಕ್ಕೆ ಮೂರೂವರೆ ಬಂದಿದೆ. ಎಂಟನೇ ತರಗತಿಗೆ ಮೊದಲ ಭಾಷೆಯಾಗಿ ಕನ್ನಡ ಬೇಡ, ಸಂಸ್ಕೃತ ತೆಗೆದುಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಶುಕ್ರವಾರದೊಳಗೆ ಶಾಲೆಗೆ ಬರೆದುಕೊಡಬೇಕು” ಎಂದಳು. ಸಂಸ್ಕೃತದ ಮೇಲೆ ನನಗೇನೂ ಸಿಟ್ಟಿಲ್ಲ. ಪ್ರೀತಿಯಿಂದ ಕಲಿಯುವುದಾದರೆ ಕಲಿಯಲಿ. ಆದರೆ ಒಂದು ಭಾಷೆಗೆ ಹೆದರಿ ಇನ್ನೊಂದಕ್ಕೆ ಓಡುವುದು ಬೇರೆ ಮಾತು. “ಆ ಪ್ರಬಂಧವನ್ನು ನನಗೆ ಕಳಿಸು” ಎಂದೆ.

ಅದು ಮನೆಯಲ್ಲಿ ಕೂತು ಬರೆದ ಪರೀಕ್ಷೆ. ನೋಟುಬುಕ್ಕಿನಲ್ಲಿ ಬರೆದು, ಹಾಳೆಯ ಫೋಟೊ ತೆಗೆದು, ಮೊಬೈಲಿನಲ್ಲಿ ಶಾಲೆಗೆ ಕಳಿಸಬೇಕಿತ್ತು. ಮೇಡಂ ಆ ಫೋಟೊ ನೋಡಿಯೇ ಅಂಕ ಹಾಕಿದ್ದರು. ಒಂದು ತಪ್ಪಿಗೆ ಅರ್ಧ ಅಂಕ ಕಳೆಯುವುದು ಅವರ ಕ್ರಮ. ತಪ್ಪಿದ್ದ ಪದಗಳನ್ನು ಪಟ್ಟಿ ಮಾಡಿ ಕಳಿಸಿದ್ದರು. ಒಟ್ಟು 12. ಅಲ್ಲಿಗೆ 6 ಅಂಕ ಹೋಯಿತು. ಪ್ರಬಂಧಕ್ಕೆ ಮುಕ್ತಾಯವಿಲ್ಲ ಎಂದು ಇನ್ನೊಂದು ಅರ್ಧ. ಉಳಿದದ್ದು 3½. ಇಡೀ ತರಗತಿಯ ಫೋಟೊಗಳನ್ನು ರಾತ್ರಿ ಕೂತು ಪುಟ್ಟ ಪರದೆಯ ಮೇಲೆ ನೋಡಿದವರು ಅವರು. ಅವರ ಕೂಡುವ ಕಳೆಯುವ ಲೆಕ್ಕದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ನೋಡಬೇಕಾದದ್ದು ಆ 12 ತಪ್ಪುಗಳನ್ನು.

ಪ್ರಬಂಧದ ವಿಷಯ ‘ನೀರಿನ ಮಿತಬಳಕೆ’. ಒಂದು ಪುಟ, 18 ಸಾಲು. ನಾನು ಅದನ್ನು ಮೂರು ಸಲ ಓದಿದೆ. ಮೂರು ಸಲವೂ ಬೇರೆ ಬೇರೆ ಕೆಲಸಕ್ಕೆ.

ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ನು ಇಟ್ಟುಕೊಳ್ಳಬಾರದು. ಪೆನ್ನು ಇದ್ದರೆ ಕಣ್ಣು ತಪ್ಪನ್ನೇ ಹುಡುಕುತ್ತದೆ, ಮಗು ಏನು ಹೇಳುತ್ತಿದೆ ಎಂಬುದು ಕಿವಿಗೆ ಬೀಳುವುದಿಲ್ಲ. ಕೇಳಿದ ವಿಷಯಕ್ಕೆ ಉತ್ತರ ಬಂದಿದೆಯೇ, ತಾನು ಕಂಡದ್ದನ್ನು ಹೇಳಿದೆಯೇ, ಪೀಠಿಕೆಯಿಂದ ಉಪಸಂಹಾರದವರೆಗೆ ಮಾತು ಒಂದರ ಹಿಂದೆ ಒಂದು ಬಂದಿದೆಯೇ ಎಂದು ಮಾತ್ರ ಆಗ ನೋಡಬೇಕು. ಗೈಡಿನಿಂದ ಬಾಯಿಪಾಠ ಮಾಡಿದ ಪ್ರಬಂಧ ಇಲ್ಲೇ ಸಿಕ್ಕಿಬೀಳುತ್ತದೆ. ‘ಜಲವೇ ಜೀವನ’ ಎಂದು ಶುರುವಾಗಿ, ಮಾಲಿನ್ಯ, ಕಾಡುನಾಶ, ಸರ್ಕಾರದ ಕರ್ತವ್ಯ ಎಲ್ಲವನ್ನೂ ಸುತ್ತಿ ಬರುತ್ತದೆ. ಕಾಗುಣಿತ ಒಂದೂ ತಪ್ಪಿರುವುದಿಲ್ಲ. ಆದರೆ ನೀರನ್ನು ಮಿತವಾಗಿ ಬಳಸುವುದು ಹೇಗೆ ಎಂಬ ಒಂದೇ ಒಂದು ಸಂಗತಿ ಅದರಲ್ಲಿ ಇರುವುದಿಲ್ಲ.

ಪುಟ್ಟಿ ಹಾಗೆ ಬರೆದಿರಲಿಲ್ಲ. ಬೇಸಿಗೆಯಲ್ಲಿ ಅವರ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬರುವುದನ್ನು ಬರೆದಿದ್ದಳು. ಟ್ಯಾಂಕರ್ ತಡವಾದ ದಿನ ಮನೆಯವರೆಲ್ಲ ಒಂದೊಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿದ್ದನ್ನು ಬರೆದಿದ್ದಳು. ಅಜ್ಜಿ ಹೇಳುವ ಮಾತನ್ನೂ ಸೇರಿಸಿದ್ದಳು. ನಡುವೆ ಈ ಎರಡು ವಾಕ್ಯಗಳಿದ್ದವು:

“ಅಮ್ಮ ಹಕ್ಕಿ ತೊಳೆದ ನೀರನ್ನು ತುಳಸಿ ಗಿಡಕ್ಕೆ ಹಾಕುತ್ತಾರೆ. ಬಟ್ಟೆಯ ಕೊಲೆ ತೆಗೆದ ನೀರಿನಿಂದ ನಾವು ಮೆಟ್ಟಿಲು ತೊಳೆಯುತ್ತೇವೆ.”

ನಗು ಬಂತು, ನಿಜ. ಅಮ್ಮ ಹಕ್ಕಿಯನ್ನು ಹಿಡಿದು ತೊಳೆಯುತ್ತಿರುವುದೂ, ಬಟ್ಟೆಯ ಕೊಲೆಯೂ ಕಣ್ಣ ಮುಂದೆ ಬಂದವು. ಆದರೆ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು, ಬಟ್ಟೆ ಒಗೆದ ನೀರಿನಲ್ಲಿ ಮೆಟ್ಟಿಲು ತೊಳೆಯುವುದು ಎರಡೂ ಆ ಮನೆಯಲ್ಲಿ ದಿನವೂ ನಡೆಯುವ ಮಿತಬಳಕೆ. ವಿಷಯಕ್ಕೆ ನಾನು ಇಟ್ಟುಕೊಂಡದ್ದು 5 ಅಂಕ. ಅದರಲ್ಲಿ 4½ ಕೊಟ್ಟೆ. ಕೊನೆಗೆ ಉಪಸಂಹಾರವಿಲ್ಲದೆ ಮೆಟ್ಟಿಲ ಮೇಲೆಯೇ ಪ್ರಬಂಧ ನಿಂತುಹೋಗಿತ್ತು. ಅದಕ್ಕೆ ಅರ್ಧ ಅಂಕ ಕಳೆದೆ. ಈ ಅಂಕವನ್ನು ಕಾಗದದ ಮೇಲೆ ಬರೆದು ಮುಗಿಸಿದ ಮೇಲೇ ಎರಡನೇ ಓದು. ಹಾಗೆ ಮಾಡಿದರೆ ಮುಂದೆ ಎಷ್ಟು ಕಾಗುಣಿತ ತಪ್ಪು ಸಿಕ್ಕಿದರೂ ವಿಷಯದ ಅಂಕವನ್ನು ಕೈ ಮುಟ್ಟುವುದಿಲ್ಲ.

ಎರಡನೇ ಓದು ವ್ಯಾಕರಣಕ್ಕೆ. ಇಲ್ಲಿ ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಬೇಕು. ಮನೆಯಲ್ಲಿ ಕನ್ನಡ ಆಡುವವರಿಗೆ ಎಲ್ಲಿ ಎಡವುತ್ತದೆ ಎಂಬುದು ಕಿವಿಯಿಂದಲೇ ತಿಳಿಯುತ್ತದೆ. ಪುಟ್ಟಿಯ ಪುಟದಲ್ಲಿ ಮೂರು ಕಡೆ ಎಡವಿತು. “ದಿನಕ್ಕೆ ಎರಡು ಟ್ಯಾಂಕರುಗಳು ಬರುತ್ತದೆ” ಎಂದಿತ್ತು. ಕರ್ತೃ ಬಹುವಚನವಾದ್ದರಿಂದ ‘ಬರುತ್ತವೆ’ ಆಗಬೇಕು. “ಹೂವಿನ ಗಿಡಗಳಿಗೆ ತುಂಬಾ ನೀರನ್ನು ಖರ್ಚಾಗುತ್ತದೆ” ಎಂದಿತ್ತು. ನೀರನ್ನು ಖರ್ಚು ಮಾಡುತ್ತಾರೆ, ಆದರೆ ನೀರು ಖರ್ಚಾಗುತ್ತದೆ. ಇದು ವಿಭಕ್ತಿಯ ತಪ್ಪು. ಮೂರನೆಯದು “ನಾವು ಬಕೆಟ್ ಇಟ್ಕೊಂಡು ಕಾಯ್ತೀವಿ” ಎಂಬುದು. ಮಾತಿನಲ್ಲಿ ಇದು ಸರಿಯಾದ ಕನ್ನಡವೇ. ಪರೀಕ್ಷೆಯ ಪ್ರಬಂಧದಲ್ಲಿ ‘ಇಟ್ಟುಕೊಂಡು ಕಾಯುತ್ತೇವೆ’ ಎಂದು ಬರೆಯಬೇಕು.

ಇಲ್ಲಿ ಹಿರಿಯರಿಗೆ ಒಂದು ಸೂಕ್ಷ್ಮ ಹೇಳಬೇಕು. ಅಜ್ಜಿಯ ಮಾತನ್ನು ಪುಟ್ಟಿ, “ನೀರು ಅಂದ್ರೆ ದೇವ್ರು ಕಣೇ” ಎಂದು ಉದ್ಧರಣ ಚಿಹ್ನೆಯೊಳಗೆ ಬರೆದಿದ್ದಳು. ‘ಅಂದ್ರೆ’, ‘ದೇವ್ರು’ ಎಂಬುವನ್ನು ತಪ್ಪು ಎನ್ನುವಂತಿಲ್ಲ. ಅಜ್ಜಿ ಹೇಗೆ ಆಡಿದರೋ ಹಾಗೆ ಬರೆದಿದ್ದಾಳೆ. ಅದೇ ರೀತಿ ‘ಮಕ್ಕಳು ಆಡುತ್ತಾರೆ’ ಎಂದರೂ ಸರಿ, ‘ಮಕ್ಕಳು ಆಡುತ್ತವೆ’ ಎಂದರೂ ಸರಿ. ‘ಕೂಡ’, ‘ಕೂಡಾ’ ಎರಡೂ ನಡೆಯುತ್ತವೆ. ನಮಗೆ ರೂಢಿಯಿಲ್ಲದ್ದೆಲ್ಲ ತಪ್ಪಲ್ಲ. ಮೇಡಂ ಕೂಡ ಇವಕ್ಕೆ ಅಂಕ ಕಳೆದಿರಲಿಲ್ಲ. ವ್ಯಾಕರಣಕ್ಕೆ ಇಟ್ಟಿದ್ದ 3 ಅಂಕದಲ್ಲಿ, ತಪ್ಪಿಗೆ ಅರ್ಧದಂತೆ 1½ ಕಳೆದೆ. ಉಳಿದದ್ದು 1½.

ಮೂರನೇ ಓದು ಕಾಗುಣಿತಕ್ಕೆ. ಇದನ್ನು ಕೊನೆಯ ಪದದಿಂದ ಹಿಂದಕ್ಕೆ, ಒಂದೊಂದೇ ಪದ ನೋಡುತ್ತ ಬರಬೇಕು. ಮುಂದಿನಿಂದ ಓದಿದರೆ ವಾಕ್ಯದ ಅರ್ಥ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಬರೆದಿರುವ ಪದದ ಬದಲು ಇರಬೇಕಾದ ಪದವೇ ಕಣ್ಣಿಗೆ ಕಾಣುತ್ತದೆ. ಹಿಂದಿನಿಂದ ಬಂದರೆ ಅರ್ಥವಿರುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ.

ಪಟ್ಟಿಯಲ್ಲಿ ಉಳಿದ 9 ತಪ್ಪುಗಳು ಇವು: ‘ಹಕ್ಕಿ’ ಒಂದು, ‘ಕೊಲೆ’ ಒಂದು, ‘ಬೂಮಿ’ ಎರಡು ಸಲ, ‘ಬವಿಷ್ಯ’ ಒಂದು, ‘ಸಾದ್ಯ’ ಮೂರು ಸಲ, ‘ಬೆಸಿಗೆ’ ಒಂದು. ಫೋಟೊದಲ್ಲಿ ನನಗೂ ಹಾಗೆಯೇ ಕಂಡವು. ಆದರೆ ಕಂಡ ಕೂಡಲೇ ಕಳೆಯುವುದು ನನ್ನ ಅಭ್ಯಾಸವಲ್ಲ. ನಮ್ಮ ಬ್ಯಾಂಕಿನಲ್ಲಿ ಚೆಕ್ಕು ಬಂದರೆ ಅದರ ಸಹಿಯನ್ನು ಖಾತೆದಾರರ ಮಾದರಿ ಸಹಿಯ ಕಾರ್ಡಿನ ಪಕ್ಕ ಇಟ್ಟು ನೋಡುತ್ತಿದ್ದೆವು. ಯಾವ ಖಾತೆಗೆ ಸೇರಬೇಕೆಂದು ಗೊತ್ತಾಗದ ಹಣವಿದ್ದರೆ ಅದನ್ನು ಸಸ್ಪೆನ್ಸ್ ಖಾತೆಯಲ್ಲಿ ಇಟ್ಟು, ವಿಷಯ ಇತ್ಯರ್ಥವಾದ ಮೇಲೆ ಅದರ ಜಾಗಕ್ಕೆ ಸೇರಿಸುತ್ತಿದ್ದೆವು. ಕೈಬರಹದ ಫೋಟೊ ನೋಡಲೂ ಈ ಎರಡೇ ಸಾಕು.

ಒಂದು ಹಾಳೆಯಲ್ಲಿ ಎರಡು ಅಂಕಣ ಮಾಡಿಕೊಂಡೆ. ಒಂದಕ್ಕೆ ‘ಖಚಿತ’ ಎಂದು ಹೆಸರು, ಇನ್ನೊಂದಕ್ಕೆ ‘ಸಸ್ಪೆನ್ಸ್’. ‘ಹಕ್ಕಿ’, ‘ಕೊಲೆ’ ಎರಡೂ ಖಚಿತ. ‘ಹ’ ಮತ್ತು ‘ಅ’ ರೂಪದಲ್ಲೇ ಬೇರೆ, ‘ಲ’ ಮತ್ತು ‘ಳ’ವೂ ಬೇರೆ. ಯಾವ ಫೋಟೊವೂ ಒಂದನ್ನು ಇನ್ನೊಂದು ಮಾಡಲಾರದು. ಉಳಿದ ಏಳರಲ್ಲಿ ವ್ಯತ್ಯಾಸವೆಲ್ಲ ಒಂದು ಗೆರೆ ಅಥವಾ ಒಂದು ದೀರ್ಘದ್ದು. ಅವೆಲ್ಲ ಸಸ್ಪೆನ್ಸಿಗೆ ಹೋದವು.

ಆಮೇಲೆ ಮಾದರಿ ಹುಡುಕಿದೆ. ಪುಟದ ನೆತ್ತಿಯಲ್ಲಿ, ಗೆರೆಗಳು ಶುರುವಾಗುವ ಮೊದಲೇ, ಪುಟ್ಟಿ ‘ಕನ್ನಡ ಪ್ರಬಂಧ’ ಎಂದು ಬರೆದಿದ್ದಳು. ಅಲ್ಲಿನ ‘ಧ’ದ ಬುಡದಲ್ಲಿ ಸಣ್ಣ ಗೆರೆ ಸ್ಪಷ್ಟವಾಗಿತ್ತು. ಇವಳಿಗೆ ‘ಧ’ ಬರೆಯಲು ಬರುತ್ತದೆ, ಆದರೆ ಗೆರೆಯನ್ನು ಬಹಳ ಚಿಕ್ಕದಾಗಿ ಎಳೆಯುತ್ತಾಳೆ ಎಂದಾಯಿತು. ‘ಸಾಧ್ಯ’ ಎಂಬ ಮೂರೂ ಪದಗಳು ಇದ್ದದ್ದು ಗೆರೆ ಹಾಕಿದ ಸಾಲಿನ ಮೇಲೆ. ಅಕ್ಷರದ ಬುಡ ನೋಟುಬುಕ್ಕಿನ ನೀಲಿ ಗೆರೆಯ ಮೇಲೆಯೇ ಕೂತಿತ್ತು. ನೀಲಿ ಗೆರೆ, ನೀಲಿ ಶಾಯಿ, ಮೇಲೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಫೋನನ್ನು ಓರೆಯಾಗಿ ಹಿಡಿದು ತೆಗೆದ ಫೋಟೊ. ಆ ಪುಟ್ಟ ಗೆರೆ ನೀಲಿಯಲ್ಲಿ ಕರಗಿಹೋಗಿರಬಹುದು.

‘ಬೆಸಿಗೆ’ಯದು ಇನ್ನೊಂದು ಕಥೆ. ಜಾಗ ಸಾಲದೆ ಪದ ಮುರಿದಿತ್ತು. ಮೊದಲ ಅಕ್ಷರ ಸಾಲಿನ ತುದಿಯಲ್ಲಿ, ‘ಸಿಗೆ’ ಮುಂದಿನ ಸಾಲಿನಲ್ಲಿ. ಫೋಟೊದ ಅಂಚು ಸರಿಯಾಗಿ ಆ ತುದಿಯಲ್ಲೇ ಮುಗಿದಿತ್ತು. ದೀರ್ಘ ಬರಬೇಕಾದದ್ದು ಅದರ ಬಲಕ್ಕೆ, ಅಂದರೆ ಫೋಟೊದ ಆಚೆಗೆ. ಆರು ಸಾಲು ಕೆಳಗೆ, ಪುಟದ ನಡುವೆ, ಅದೇ ‘ಬೇಸಿಗೆ’ ದೀರ್ಘದೊಂದಿಗೆ ಸರಿಯಾಗಿತ್ತು.

ಅನುಮಾನವಿದೆ ಎಂದು ಮಗುವನ್ನು, “ಇಲ್ಲಿ ಏನು ಬರೆದಿದ್ದೀಯ?” ಎಂದು ಕೇಳಬಾರದು. ಕೇಳಿದರೆ ಯಾವ ಮಗುವಾದರೂ ಒಂದು ಕ್ಷಣ ಯೋಚಿಸಿ ಸರಿಯಾದ್ದನ್ನೇ ಹೇಳುತ್ತದೆ. ಅದು ಸುಳ್ಳಲ್ಲ, ಈಗ ಅದಕ್ಕೆ ಹಾಗೆಯೇ ಅನಿಸುತ್ತಿರುತ್ತದೆ. ಆದ್ದರಿಂದ ನಾನು ಯಾವ ಪದ ಎಂದು ಹೇಳಲಿಲ್ಲ. ಆ ಏಳು ಪದಗಳಿದ್ದ ಸಾಲುಗಳ ಸಂಖ್ಯೆಯನ್ನಷ್ಟೇ ಮಗಳಿಗೆ ಕಳಿಸಿ, “ಇಷ್ಟನ್ನು ಹತ್ತಿರದಿಂದ ಮತ್ತೆ ಫೋಟೊ ತೆಗೆದು ಕಳಿಸು” ಎಂದೆ. ಹೇಗೆ ತೆಗೆಯಬೇಕೆಂದೂ ಹೇಳಿದೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಪುಸ್ತಕವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಬೇಕು. ಫೋನು ಹಾಳೆಗೆ ನೇರವಾಗಿ ಮೇಲಿರಬೇಕು, ಕೈಯ ನೆರಳು ಬೀಳಬಾರದು. ಹಾಳೆಯ ಅಂಚು ಫೋಟೊದೊಳಗೆ ಕಾಣಬೇಕು. ಹಿಂದಿನ ಪುಟದ ಶಾಯಿ ಮೂಡಿದ್ದರೆ ಅಡಿಯಲ್ಲಿ ಒಂದು ಕಪ್ಪು ಕಾಗದ ಇಡಬೇಕು. ಇಲ್ಲದಿದ್ದರೆ ಅಲ್ಲಿಯ ಚುಕ್ಕೆ ಇಲ್ಲಿ ಸೊನ್ನೆಯಂತೆ ಕಂಡೀತು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಗಾತ್ರ ಕುಗ್ಗಿಸಿ ಕಳಿಸುತ್ತದೆ, ಸಣ್ಣ ಗೆರೆಗಳು ಮಸುಕಾಗುತ್ತವೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ತೆಗೆದದ್ದು ತೆಗೆದಂತೆಯೇ ಬರುತ್ತದೆ.

ಸೋಮವಾರ ಬೆಳಗ್ಗೆ ಫೋಟೊಗಳು ಬಂದವು. ಮೊದಲು ಹಳೆಯ ಫೋಟೊದ ಪಕ್ಕ ಇಟ್ಟು, ಯಾವ ಸಾಲನ್ನೂ ಈಗ ತಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ತಿದ್ದಿದ ಗೆರೆಗೆ ಶಾಯಿ ದಪ್ಪವಾಗಿರುತ್ತದೆ, ಇಲ್ಲವೆ ಬಣ್ಣ ಬೇರೆಯಾಗಿರುತ್ತದೆ. ಅಂಥದ್ದೇನೂ ಇರಲಿಲ್ಲ. ‘ಸಾಧ್ಯ’ ಮೂರು ಕಡೆಯೂ ಸರಿಯಾಗಿತ್ತು. ನೀಲಿ ಗೆರೆಯ ಮೇಲೆ ಕೂತಿದ್ದ ಪುಟ್ಟ ಗೆರೆ ಈಗ ಬೇರೆಯಾಗಿ ಕಾಣುತ್ತಿತ್ತು. ಸಾಲಿನ ತುದಿಯ ‘ಬೇ’ಗೆ ಅಂಚಿಗೆ ತಾಗಿದಂತೆ ದೀರ್ಘವೂ ಇತ್ತು.

ಆದರೆ ‘ಬೂಮಿ’ ಮಾತ್ರ ಎರಡು ಕಡೆಯೂ ‘ಬೂಮಿ’ಯೇ. ‘ಬವಿಷ್ಯ’ವೂ ಹಾಗೆಯೇ. ‘ಬೂಮಿ’ ಒಂದು ಕಡೆ ನೀಲಿ ಗೆರೆಯಿಂದ ಸಾಕಷ್ಟು ಮೇಲಿತ್ತು, ಬುಡವೆಲ್ಲ ಖಾಲಿ ಕಾಣುತ್ತಿತ್ತು. ಫೋಟೊದ ಮೇಲೆ ಹೊರಿಸುವಂತಿಲ್ಲ. ಪುಟ್ಟಿಗೆ ‘ಧ’ ಗೊತ್ತು, ‘ಭ’ ಗೊತ್ತಿಲ್ಲ. ಸಸ್ಪೆನ್ಸ್ ಖಾತೆಯ ಏಳರಲ್ಲಿ ನಾಲ್ಕು ಫೋಟೊದ ಲೆಕ್ಕಕ್ಕೆ ಹೋದವು, ಮೂರು ಪುಟ್ಟಿಯ ಲೆಕ್ಕಕ್ಕೆ ಬಂದವು.

ಕಾಗುಣಿತಕ್ಕೆ ನಾನು ಇಟ್ಟದ್ದು 2 ಅಂಕ. ಅರ್ಥವೇ ಬದಲಾಗುವ ತಪ್ಪಿಗೆ ಅರ್ಧ ಕಳೆಯುತ್ತೇನೆ. ‘ಹಕ್ಕಿ’ಗೆ ಅರ್ಧ, ‘ಕೊಲೆ’ಗೆ ಅರ್ಧ. ಅರ್ಥ ಕೆಡದ ತಪ್ಪಿಗೆ ಕಾಲು ಅಂಕ. ಅದೇ ಪದ ಎಷ್ಟು ಸಲ ತಪ್ಪಿ ಬಂದರೂ ಒಂದೇ ಲೆಕ್ಕ, ಏಕೆಂದರೆ ಗೊತ್ತಿಲ್ಲದ್ದು ಒಂದೇ ಸಂಗತಿ. ‘ಬೂಮಿ’ಗೆ ಕಾಲು, ‘ಬವಿಷ್ಯ’ಕ್ಕೆ ಕಾಲು. ಒಟ್ಟು 1½ ಕಳೆದು ಅರ್ಧ ಉಳಿಯಿತು. ವಿಷಯ 4½, ವ್ಯಾಕರಣ 1½, ಕಾಗುಣಿತ ½, ಒಟ್ಟು 6½.

ಮೂರೂವರೆಗೂ ಆರೂವರೆಗೂ ನಡುವಿನ 3 ಅಂಕ ಎಲ್ಲಿಂದ ಬಂತು? ಅದನ್ನೂ ತಾಳೆ ನೋಡಿದೆ. ಫೋಟೊದಿಂದ ಹುಟ್ಟಿದ ನಾಲ್ಕು ತಪ್ಪುಗಳದು 2 ಅಂಕ. ‘ಬೂಮಿ’ಯನ್ನು ಎರಡನೇ ಸಲ ಎಣಿಸಿದ್ದು ½. ಅರ್ಧದ ಬದಲು ಕಾಲು ಕಳೆದ ಎರಡು ತಪ್ಪುಗಳಿಂದ ½. ಲೆಕ್ಕ ಸರಿಹೋಯಿತು. ಇದರಲ್ಲಿ ಕೊನೆಯ 1 ಅಂಕ ನನ್ನ ಪದ್ಧತಿಗೂ ಮೇಡಂ ಪದ್ಧತಿಗೂ ಇರುವ ವ್ಯತ್ಯಾಸ. ಪರೀಕ್ಷೆ ಅವರದು, ಪದ್ಧತಿಯೂ ಅವರದೇ. ಅದನ್ನು ಕೇಳುವ ಹಕ್ಕು ನನಗಿಲ್ಲ. ಆದರೆ ಮೊದಲ 2 ಅಂಕ ಪುಟ್ಟಿಯದೇ. ಅದನ್ನು ಯಾವ ಪದ್ಧತಿಯಲ್ಲೂ ಕಳೆಯುವಂತಿಲ್ಲ.

ಮಗಳಿಗೆ ಇಷ್ಟೇ ಹೇಳಿದೆ: “ಫೋಟೊ ಬೇಡ, ನೋಟುಬುಕ್ಕನ್ನೇ ಕೊಟ್ಟು ಕಳಿಸು. ನಾಲ್ಕು ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಹಾಕು. ಪುಟ್ಟಿಯೇ ಹೋಗಿ ಕೇಳಲಿ.” ಮೇಡಂ ನೋಟುಬುಕ್ಕು ನೋಡಿ ಅಲ್ಲಿಯೇ 2 ಅಂಕ ಸೇರಿಸಿ 5½ ಮಾಡಿಕೊಟ್ಟರಂತೆ. “‘ಧ’ಕ್ಕೆ ಗೆರೆ ಇನ್ನೂ ಸ್ವಲ್ಪ ಉದ್ದ ಎಳಿ” ಎಂದೂ ಹೇಳಿದರಂತೆ. ಅದು ಸರಿಯಾದ ಮಾತು. ದೊಡ್ಡ ಪರೀಕ್ಷೆಯಲ್ಲಿ ನೋಟುಬುಕ್ಕು ಹಿಡಿದುಕೊಂಡು ಹೋಗಿ ತೋರಿಸಲು ಆಗುವುದಿಲ್ಲ.

ಆ ರಾತ್ರಿ ಪುಟ್ಟಿ ಫೋನು ಮಾಡಿದಳು. ಅಂಕಕ್ಕಿಂತ ಹೆಚ್ಚಾಗಿ ಅವಳಿಗೆ ಒಂದು ವಿಷಯ ಬೇಕಿತ್ತು. “ಅಜ್ಜ, ನನಗೆ ನಿಜವಾಗಿ ಎಷ್ಟು ತಪ್ಪು ಬರುತ್ತೆ?” ಎಂದು ಕೇಳಿದಳು. ಹನ್ನೆರಡು ಎಂದು ನೋಡಿದಾಗ ತನಗೆ ಕನ್ನಡವೇ ಬರುವುದಿಲ್ಲ ಅನಿಸಿತ್ತಂತೆ. ನಾನು ಕಾಗುಣಿತದ ಪಟ್ಟಿ ಓದಿದೆ. “ಮೂರೇ ಮೂರು, ಪುಟ್ಟೀ. ‘ಭ’ ನಿನಗೆ ಗೊತ್ತಿಲ್ಲ. ‘ಅ’ ಮತ್ತು ‘ಹ’ ಅದಲು ಬದಲು ಆಗುತ್ತೆ. ‘ಲ’ ಮತ್ತು ‘ಳ’ ಅದಲು ಬದಲು ಆಗುತ್ತೆ” ಎಂದೆ. ಆಡುವಾಗ ‘ಹಳ್ಳಿ’ಯನ್ನು ‘ಅಳ್ಳಿ’ ಎನ್ನುವವರ ನಡುವೆ ಬೆಳೆದ ಮಕ್ಕಳು ಬರೆಯುವಾಗ ಹೆದರಿ, ಬೇಡದ ಕಡೆಯೂ ‘ಹ’ ಸೇರಿಸುತ್ತಾರೆ. ಹಾಗೆಯೇ ಅಕ್ಕಿ ಹಕ್ಕಿಯಾಗುತ್ತದೆ. ಇದಕ್ಕೆ ಔಷಧ, ಬರೆದ ಪದವನ್ನು ಬಾಯಿಬಿಟ್ಟು ಓದಿ ಅರ್ಥ ಕೇಳಿಕೊಳ್ಳುವುದು. ‘ಭ’ಕ್ಕೆ ಬೇರೆ ದಾರಿಯಿಲ್ಲ. ಭೂಮಿ, ಭವಿಷ್ಯ, ಭಾಷೆ, ಭಯ, ಭಾರ, ಲಾಭ, ಸಭೆ ಎಂದು ಏಳು ಪದಗಳನ್ನು ಕೊಟ್ಟು, ದಿನಕ್ಕೊಂದು ಪದದಲ್ಲಿ ಎರಡು ವಾಕ್ಯ ಬರೆಯಲು ಹೇಳಿದೆ.

ಶುಕ್ರವಾರ ಅವಳು ಶಾಲೆಗೆ ಬರೆದುಕೊಟ್ಟ ಕಾಗದದಲ್ಲಿ ಮೊದಲ ಭಾಷೆ ಕನ್ನಡ ಎಂದಿತ್ತು ಎಂದು ಮಗಳು ತಿಳಿಸಿದಳು. ಈಗ ಪ್ರತಿ ಭಾನುವಾರ ಒಂದು ಪ್ರಬಂಧದ ಫೋಟೊ ಬರುತ್ತದೆ, ನಾಲ್ಕೂ ಅಂಚು ಕಾಣುವಂತೆ. ನಾನು ಮೂರು ಸಲ ಓದಿ, ಮೂರು ಅಂಕಗಳನ್ನು ಬೇರೆ ಬೇರೆಯಾಗಿ ಬರೆದು, ಕೆಳಗೆ ಕಲಿಯಬೇಕಾದ ಮೂರು ಪದಗಳನ್ನು ಮಾತ್ರ ಹಾಕಿ ಕಳಿಸುತ್ತೇನೆ. ಮೊನ್ನೆಯದರ ವಿಷಯ ‘ನಮ್ಮ ಮನೆಯ ಊಟ’. ಫೋಟೊದ ಕೆಳಗೆ ಒಂದು ಸಾಲು ಇತ್ತು: “ಅಜ್ಜ, ಈ ಸಲ ಅಮ್ಮ ಹಕ್ಕಿ ತೊಳೆದಿಲ್ಲ, ನೋಡಿ.” ನೋಡಿದೆ. ಅಕ್ಕಿಯನ್ನೇ ತೊಳೆದಿದ್ದರು. ‘ಹುಳಿ’ ಮಾತ್ರ ‘ಹುಲಿ’ಯಾಗಿ ಕುದಿಯುತ್ತಿತ್ತು. ಅರ್ಧ ಅಂಕ ಕಳೆದೆ.